ಬ್ರೇಸ್ ಇದ್ದರೆ ಸಾಲದು, ಅದಕ್ಕೆ ಒಪ್ಪುವ ಶೂ ಬೇಕು

ಪ್ರಶ್ನೆ: ನಮ್ಮದು ತುರುವೇಕೆರೆ ಕಡೆಯ ಹಳ್ಳಿ. ಲಕ್ವ ಹೊಡೆದ ಮೇಲೆ ನಮ್ಮ ಯಜಮಾನರ ಎಡಪಾದ ಜೋತು ಬೀಳುತ್ತದೆ, ಎಡಗೈಯೂ ಸೋತಿದೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಬ್ರೇಸ್ ಮಾಡಿಕೊಟ್ಟರು. ಅದರ ಮೇಲೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ, ಹಳೇ ಶೂ ಹಿಡಿಸುವುದಿಲ್ಲ. ಬರೀ ಬ್ರೇಸಿನಲ್ಲೇ ಮನೆಯೊಳಗೆ ಓಡಾಡಿದರೆ ಮಂಡಿ ಹಿಂದಕ್ಕೆ ನೂಕುತ್ತದೆ. ಏನು ಮಾಡಲಿ?

ಉತ್ತರ: ಅಮ್ಮಾ, ಆ ಮಂಡಿಯ ವಿಷಯ ಬರೆದದ್ದು ಒಳ್ಳೆಯದಾಯಿತು. ಇಂಥ ಬ್ರೇಸನ್ನು ಸಾಮಾನ್ಯವಾಗಿ ಶೂವಿನ ಹಿಮ್ಮಡಿಯ ಎತ್ತರವನ್ನು ಲೆಕ್ಕಕ್ಕೆ ಹಿಡಿದೇ ಮಾಡುತ್ತಾರೆ. ಶೂ ಇಲ್ಲದೆ ನಿಂತರೆ ಹಿಮ್ಮಡಿ ತಗ್ಗಿ, ಮಂಡಿಯ ಕೆಳಗಿನ ಕಾಲು ಹಿಂದಕ್ಕೆ ವಾಲಿ, ಮಂಡಿಯನ್ನು ಹಿಂದಕ್ಕೆ ದೂಡುತ್ತದೆ. ಹಿಮ್ಮಡಿ ತೀರಾ ಎತ್ತರವಾದರೆ ಮಂಡಿ ಮುಂದಕ್ಕೆ ಕುಸಿಯುತ್ತದೆ. ನುಣುಪು ನೆಲದ ಮೇಲೆ ಬರೀ ಪ್ಲಾಸ್ಟಿಕ್ ಜಾರುವುದೂ ಉಂಟು. ಹೊಸಿಲಲ್ಲಿ ಶೂ ಬಿಡುವುದು ನಮ್ಮ ವಾಡಿಕೆ. ಆದ್ದರಿಂದ ಮನೆಯೊಳಗೆಂದೇ ಅದೇ ಎತ್ತರದ ಇನ್ನೊಂದು ಜೊತೆ ಇಡಿ.

ತಿಪಟೂರಿನ ಅಂಗಡಿಗೆ ಹೋಗುವಾಗ ಅವರನ್ನು ಕರೆದುಕೊಂಡು ಹೋಗಿ, ಬ್ರೇಸನ್ನೂ ಒಯ್ಯಿರಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಿ. ಒಳಗಿನ ಮೆತ್ತೆ ಕೈಯಿಂದ ಎಳೆದರೆ ಬರುವ ಶೂ ಆರಿಸಿ. ಅದನ್ನು ತೆಗೆದರೆ ಬ್ರೇಸಿಗೆ ಜಾಗ ಸಿಗುತ್ತದೆ. ಬಾಯಿ ಬೆರಳುಗಳ ಹತ್ತಿರದವರೆಗೂ ತೆರೆದುಕೊಳ್ಳಬೇಕು, ಇಲ್ಲದಿದ್ದರೆ ಬಾಗದ ಬ್ರೇಸ್ ಒಳಗೆ ಇಳಿಯುವುದೇ ಇಲ್ಲ. ಒಂದೇ ಕೈಯಲ್ಲಿ ಹಾಕಿಕೊಳ್ಳಬೇಕಾದ್ದರಿಂದ ಲೇಸಿಗಿಂತ ವೆಲ್ಕ್ರೋ ಪಟ್ಟಿ ಲೇಸು. ಹಿಮ್ಮಡಿಯ ಹಿಂಭಾಗ ಒತ್ತಿದರೆ ಮಡಚದಷ್ಟು ಗಟ್ಟಿಯಿರಲಿ, ಮುಂಭಾಗ ಅಗಲವಿರಲಿ. ಅರ್ಧದಿಂದ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಆಗ ಬಲಗಾಲಿನ ಶೂ ಸಡಿಲವಾದರೆ, ಎಡ ಶೂವಿನಿಂದ ತೆಗೆದ ಮೆತ್ತೆಯ ಅಳತೆಯಲ್ಲೇ ಇನ್ನೊಂದು ಮೆತ್ತೆ ಕತ್ತರಿಸಿ ಬಲ ಶೂವಿನೊಳಗೆ ಹಾಕಿ.

ಅವರು ತೋಟಕ್ಕೂ ಹೋಗುವುದಾದರೆ, ಅಲ್ಲಿ ಸೋಗೆ, ಕಾಯಿ ಮಟ್ಟೆ, ನೀರು ಹಾಯಿಸುವ ಕಾಲುವೆಯ ಬದು ಎಲ್ಲವೂ ತುದಿಗಾಲಿಗೆ ತಗಲುವಂಥವೇ. ಅಟ್ಟೆಯ ಮುಂತುದಿ ಮೇಲಕ್ಕೆ ಬಾಗಿದ್ದರೆ ಹೆಜ್ಜೆ ತಗಲದೆ ಮುಂದಕ್ಕೆ ಉರುಳುತ್ತದೆ. ಚಪ್ಪಟೆಯಿದ್ದರೆ ಚಮ್ಮಾರರಿಂದ ತುದಿಯನ್ನು ಉಜ್ಜಿಸಿ ಬಾಗಿಸಬಹುದು. ಮನೆಯೊಳಗಿನ ಜೊತೆಗೆ ಹಿಮ್ಮಡಿ ಪಟ್ಟಿಯಿರುವ ಸ್ಯಾಂಡಲ್ ಸಾಕು.

ಹಾಕುವ ಮುನ್ನ ಶೂವಿನೊಳಗೆ ಕೈಯಾಡಿಸಿ ನೋಡಿ. ಲಕ್ವದಲ್ಲಿ ಪಾದದ ಸ್ಪರ್ಶವೂ ಕುಂದಿರಬಹುದು, ಕಲ್ಲು ಚುಚ್ಚಿದರೂ ತಿಳಿಯದು. ಬ್ರೇಸಿಗಿಂತ ಉದ್ದದ, ಮಡಿಕೆ ಬೀಳದ ಹತ್ತಿ ಕಾಲ್ಚೀಲ ತೊಡಿಸಿ. ಬಿಚ್ಚಿದ ಅರ್ಧ ಗಂಟೆಯ ಮೇಲೂ ಕೆಂಪು ಗುರುತು ಉಳಿದರೆ ಅಲ್ಲಿ ಒತ್ತುತ್ತಿದೆ ಎಂದರ್ಥ. ಆಗ ಹಾಕುವುದನ್ನು ನಿಲ್ಲಿಸಿ, ಬ್ರೇಸ್ ಮಾಡಿಕೊಟ್ಟವರಿಗೆ ತೋರಿಸಿ.

ಸರಿಯಾದ ಶೂವಿನಲ್ಲೂ ಮಂಡಿ ಹಿಂದಕ್ಕೆ ಹೋಗುತ್ತಿದ್ದರೆ ಬ್ರೇಸಿನ ಕೋನವೇ ತಿದ್ದಬೇಕಾದದ್ದು. ಮಾಡಿಕೊಟ್ಟವರ ಬಳಿ ಹೋಗುವಾಗ ಹೊಸ ಶೂಗಳನ್ನು ತಪ್ಪದೆ ತೆಗೆದುಕೊಂಡು ಹೋಗಿ.