ಬೆರಳು ಹೋದ ಮೇಲೆ: ಏಕಲವ್ಯನ ಕಥೆಯನ್ನು ತಾಯಿಯ ಕಡೆಯಿಂದ ಓದಿದಾಗ

ಬೋಧನಾಭ್ಯಾಸದಲ್ಲಿ ನನ್ನ ವಿಷಯಗಳು ಗಣಿತ ಮತ್ತು ವಿಜ್ಞಾನ. ಆದರೂ ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಒಂಬತ್ತನೇ ತರಗತಿಗೆ ಕನ್ನಡದ ಎರಡೆರಡು ಬದಲಿ ಅವಧಿಗಳು ಸಿಕ್ಕವು. ಅವುಗಳಿಗೆ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ (1947) ನಾಟಕವನ್ನು ಆರಿಸಿಕೊಂಡೆ. ಏಕಲವ್ಯ ಮಕ್ಕಳಿಗೆ ಗೊತ್ತಿರುವವನೇ. ಗುರುಭಕ್ತಿಗೆ ಉದಾಹರಣೆ ಕೊಡಿ ಎಂದರೆ ಅರ್ಧ ತರಗತಿ ಅವನ ಹೆಸರನ್ನೇ ಹೇಳುತ್ತದೆ.

ಮೊದಲ ಅವಧಿಯಲ್ಲಿ ನಾಟಕವನ್ನು ಮುಟ್ಟದೆ, ವ್ಯಾಸಭಾರತದ ಆದಿಪರ್ವದಲ್ಲಿ ಈ ಪ್ರಸಂಗ ಇರುವ ಕ್ರಮದಲ್ಲೇ ಹೇಳಿದೆ. ನಿಷಾದರ ದೊರೆ ಹಿರಣ್ಯಧನುಸ್ಸಿನ ಮಗನನ್ನು ದ್ರೋಣರು ಶಿಷ್ಯನಾಗಿ ಒಪ್ಪುವುದಿಲ್ಲ. ಅವನು ಕಾಡಿನಲ್ಲಿ ಮಣ್ಣಿನ ಗುರುವನ್ನು ಮಾಡಿಕೊಂಡು ಕಲಿಯುತ್ತಾನೆ. ಬೊಗಳುವ ನಾಯಿಯ ಬಾಯಿಗೆ ಏಳು ಬಾಣ ತುಂಬುತ್ತಾನೆ. ಅದನ್ನು ಕಂಡ ಅರ್ಜುನ ದ್ರೋಣರ ಬಳಿ ಬಂದು, ನನಗಿಂತ ಮಿಗಿಲಾದ ಶಿಷ್ಯ ಇರುವುದಿಲ್ಲ ಎಂದಿದ್ದಿರಲ್ಲ ಎಂದು ನೆನಪಿಸುತ್ತಾನೆ. ಆಮೇಲೆ ಬಲಗೈ ಹೆಬ್ಬೆರಳಿನ ದಕ್ಷಿಣೆ.

ಇಲ್ಲಿ ಒಂದೇ ಪ್ರಶ್ನೆ ಕೇಳಿದೆ: ಬೆರಳು ಕತ್ತರಿಸಿದ ಮೇಲೆ ಕಥೆ ಯಾರ ಬಗ್ಗೆ ಮಾತಾಡುತ್ತದೆ? ಏಕಲವ್ಯನಿಗೆ ಅಲ್ಲಿ ಸಿಗುವುದು ಒಂದು ಮಾತು. ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಮೊದಲಿನ ವೇಗ ಇರಲಿಲ್ಲ, ಅಷ್ಟೇ. ಕೂಡಲೇ ಅರ್ಜುನನ ತಾಪ ಇಳಿಯಿತು, ದ್ರೋಣರ ಮಾತು ನಿಜವಾಯಿತು ಎಂದು ಪ್ರಸಂಗ ಮುಗಿಯುತ್ತದೆ. ಅಂದರೆ ಇದು ಅರ್ಜುನನ ಚಿಂತೆಯಿಂದ ಶುರುವಾಗಿ ಅವನ ನೆಮ್ಮದಿಯಲ್ಲಿ ನಿಲ್ಲುವ ಕಥೆ.

ಕುರುಗೋಡಿನಲ್ಲಿ ಒಬ್ಬ ಹುಡುಗ ಅಡ್ಡ ಪ್ರಶ್ನೆ ಹಾಕಿದ: “ಒಲಿಂಪಿಕ್ಸ್‌ನಾಗ ಮೂರು ಬೆರಳಿಂದ ಹಗ್ಗ ಎಳೀತಾರ ಸರ್, ಹೆಬ್ಬೆರಳು ಹೋದ್ರ ಏನಾತು?” ಒಳ್ಳೆಯ ಪ್ರಶ್ನೆ. ಬಿಲ್ಲಿನ ಹೆದೆಯನ್ನು ಎಳೆಯುವ ರೀತಿ ಒಂದೇ ಅಲ್ಲ. ಏಷ್ಯಾದ ಹಲವು ಕಡೆ ಹೆಬ್ಬೆರಳನ್ನೇ ಹೆದೆಗೆ ಕೊಕ್ಕೆಯಂತೆ ಸಿಕ್ಕಿಸಿ ಎಳೆಯುತ್ತಿದ್ದರು, ಅದಕ್ಕೆಂದೇ ಉಂಗುರವನ್ನೂ ತೊಡುತ್ತಿದ್ದರು. ಏಕಲವ್ಯ ಆಮೇಲೆ ‘ಉಳಿದ ಬೆರಳುಗಳಿಂದ’ ಎಳೆದ ಎಂದಿರುವುದನ್ನು ನೋಡಿದರೆ, ಮೊದಲು ಅವನದ್ದೂ ಅದೇ ರೀತಿ ಇದ್ದಿರಬೇಕು. ಅವನು ಕಳೆದುಕೊಂಡಿದ್ದು ಬಿಲ್ಲು ಹಿಡಿಯುವ ಶಕ್ತಿಯನ್ನಲ್ಲ, ತಾನೇ ಕಲಿತು ಪಳಗಿಸಿಕೊಂಡ ವಿಧಾನವನ್ನು. (ವಿಜ್ಞಾನದವನಿಗೆ ಕನ್ನಡದ ಅವಧಿಯಲ್ಲಿ ಸಿಕ್ಕ ಸಣ್ಣ ಖುಷಿ ಇದು.)

ಎರಡನೇ ಅವಧಿಗೆ ನಾಟಕ. ಆದಿಪರ್ವದ ಈ ಪ್ರಸಂಗದಲ್ಲಿ ತಂದೆಯ ಹೆಸರಿದೆ, ತಾಯಿ ಇಲ್ಲವೇ ಇಲ್ಲ. ಕುವೆಂಪು ಅವಳನ್ನು ರಂಗಕ್ಕೆ ತರುತ್ತಾರೆ. ಮಗನ ಬೆರಳಿಗೆ ಗುರುವಿನ ಕೊರಳು ಎಂಬ ಅವಳ ಶಾಪದಿಂದಲೇ ನಾಟಕಕ್ಕೆ ಆ ಹೆಸರು. ಮುಂದೆ ಕುರುಕ್ಷೇತ್ರದಲ್ಲಿ ಧೃಷ್ಟದ್ಯುಮ್ನ ದ್ರೋಣರ ತಲೆ ಕಡಿಯುವುದು ಮೂಲದಲ್ಲೇ ಇರುವ ಘಟನೆ. ನಾಟಕ ಅದನ್ನು ಬದಲಿಸದೆ, ಅದಕ್ಕೆ ಬೇರೊಂದು ಕಾರಣದ ಎಳೆ ಕಟ್ಟುತ್ತದೆ. ತಾಯಿ ಬಂದ ಕೂಡಲೇ ‘ದಕ್ಷಿಣೆ’ ಎಂಬ ಪದ ಬೇರೆಯಾಗಿ ಕೇಳಿಸುತ್ತದೆ. ಗುರುವಿಗೆ ಅದು ಕೊಟ್ಟು ಮುಗಿದ ಕಾಣಿಕೆ, ಅವಳಿಗೆ ಇನ್ನೂ ತೀರದ ಲೆಕ್ಕ. ಸಿರುಗುಪ್ಪದ ಒಬ್ಬ ಹುಡುಗಿ, “ನಮ್ಮವ್ವ ಆಗಿದ್ರ ಮೊದ್ಲು ಗಾಯಕ್ಕ ಬಟ್ಟಿ ಕಟ್ತಿದ್ಲು, ಆಮ್ಯಾಲೆ ಕೇಳಾಕ ಹೋಗ್ತಿದ್ಲು” ಅಂದಳು. ಗಾಯಕ್ಕೆ ಬಟ್ಟೆ ಕಟ್ಟಿದವರು ಯಾರು ಎಂದು ಮೂಲ ಹೇಳುವುದಿಲ್ಲ.

ನನಗೆ ಇನ್ನೊಂದೂ ಕಂಡಿತು. ಈ ಕಥೆಯನ್ನು ಗುರುಭಕ್ತಿಯ ಪಾಠವಾಗಿ ಶಾಲೆಯಲ್ಲಿ ಹೇಳುತ್ತ ಬಂದವರು ಶಿಕ್ಷಕರು, ಅಂದರೆ ದಕ್ಷಿಣೆ ಪಡೆಯುವ ಕಡೆಯವರು. ನಾವೇ ಹೇಳುವಾಗ ‘ಏಕೆ ಕೇಳಿದರು’ ಎಂಬ ಪ್ರಶ್ನೆ ಬರುವುದಿಲ್ಲ, ‘ಹೇಗೆ ಕೊಟ್ಟ ನೋಡಿ’ ಎಂಬುದಷ್ಟೇ ಬರುತ್ತದೆ.

ಕೊನೆಗೆ ಬರವಣಿಗೆ: ತಾಯಿ, ನಾಯಿ, ಮಣ್ಣಿನ ಗುರು, ಇವರಲ್ಲಿ ಒಬ್ಬರಾಗಿ ನಾಲ್ಕು ವಾಕ್ಯ. ಮೊದಲ ಸಲ ಬಹಳ ಮಂದಿ ದ್ರೋಣರನ್ನು ಬೈದು ಬರೆದರು. ಅದು ನೋಟ ಬದಲಿಸಿದ್ದಲ್ಲ, ನಾಯಕ ಖಳನಾಯಕರ ಜಾಗ ಬದಲಿಸಿದ್ದು. ಕುವೆಂಪು ಅವರ ದ್ರೋಣರೂ ಬರೀ ಕೆಟ್ಟವರಲ್ಲ, ಒಳಗೇ ಬೇಯುವವರು. ತಪ್ಪನ್ನು ಗುರುತಿಸಲು ಸುಲಭದ ಒಂದು ಉಪಾಯವಿದೆ: ಈ ಪಾತ್ರಕ್ಕೆ ಇದು ಗೊತ್ತಿರಲು ಸಾಧ್ಯವೇ? “ಅರ್ಜುನನಿಗೆ ಹೊಟ್ಟೆಕಿಚ್ಚು” ಎಂದು ನಾಯಿ ಹೇಳುವಂತಿಲ್ಲ, ಅದು ಕಂಡಿದ್ದು ಬಾಣ ಮಾತ್ರ. ಆದ್ದರಿಂದ ಬರೆಯುವ ಮೊದಲು ಪುಟವನ್ನು ‘ಕಂಡದ್ದು’, ‘ಕೇಳಿದ್ದು’ ಎಂದು ಎರಡು ಭಾಗ ಮಾಡಿಸಿದೆ. ಕುರುಗೋಡಿನಲ್ಲಿ ಇದನ್ನು ಮೊದಲೇ ಮಾಡಿಸಿದ್ದರಿಂದ ಬೈಗುಳ ಕಡಿಮೆಯಾಯಿತು. ಮಣ್ಣಿನ ಗುರುವಾದ ಹುಡುಗನೊಬ್ಬ ‘ಕೇಳಿದ್ದು’ ಭಾಗದಲ್ಲಿ ಬರೆದದ್ದು ಹೀಗೆ: “ದಿನಾಲು ಬಾಣದ ಸಪ್ಪಳ. ಅವತ್ತಿನಿಂದ ಇಲ್ಲ.”