ಮುರಿದ ಕೈಗೆ ಮೂರು ಚೀಟಿ

ಆಟದ ಬಯಲಿನಲ್ಲಿ ಮಗನ ಕೈ ಮುರಿದರೆ ಮನೆಯವರ ಖರ್ಚು ಕೆಲವು ಸಾವಿರದಲ್ಲಿ ಮುಗಿಯುವುದೋ, ಎಪ್ಪತ್ತು ಸಾವಿರದ ಸಾಲವಾಗುವುದೋ? ಎಲುಬು ಎಷ್ಟು ಮುರಿದಿದೆ ಅನ್ನುವುದಕ್ಕಿಂತ, ಮೊದಲ ಮೂರು ತಾಸಿನಲ್ಲಿ ಯಾವ ಬಾಗಿಲಿಗೆ ಹೋದಿರಿ, ಕೈಯಲ್ಲಿ ಯಾವ ಕಾಗದ ಇತ್ತು ಅನ್ನುವುದೇ ಇದನ್ನು ತೀರ್ಮಾನಿಸುತ್ತದೆ. ನಮ್ಮ ಯಲಬುರ್ಗಾ ಕಡೆ ಇದು ಆಗಸ್ಟ್, ಸೆಪ್ಟೆಂಬರಿನ ಮಾತು. ವಲಯ ಮಟ್ಟದ, ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ನಡೆಯುವುದೂ ಆಗಲೇ, ಎರಿಹೊಲದಲ್ಲಿ ಹೆಸರು ಬಿಡಿಸುವುದೂ ಆಗಲೇ. ಮನೆಯಲ್ಲಿ ರೊಕ್ಕ ಇರದ ಹೊತ್ತು, ಹೊಲ ಬಿಟ್ಟು ಬರಲಾಗದ ಹೊತ್ತು.

ನನ್ನ ತಂಗಿಯ ಮಗ ಒಂಬತ್ತನೇ ತರಗತಿಯಲ್ಲಿ ಕಬಡ್ಡಿ ಆಡುತ್ತಿದ್ದ. ತಾಲೂಕು ಮಟ್ಟದ ಪಂದ್ಯದಲ್ಲಿ ಬಿದ್ದು ಬಲ ಮುಂಗೈಯ ಎರಡೂ ಎಲುಬು ಮುರಿದುಕೊಂಡ. ಜೊತೆಗಿದ್ದ ದೈಹಿಕ ಶಿಕ್ಷಕರು ಅಂದು ಬರೆದುಕೊಟ್ಟ ಒಂದು ಪುಟದ ವರದಿಯ ಪ್ರತಿ ನನ್ನ ಬಳಿ ಇದೆ. ಹಣಕಾಸಿನ ಬಗ್ಗೆ ಬರೆಯುವವನಾಗಿ ಹೇಳುತ್ತೇನೆ, ಅಷ್ಟು ಬೆಲೆಬಾಳುವ ಕಾಗದ ನಾನು ನೋಡಿದ್ದು ಕಡಿಮೆ. ಅದರ ಮುಖ್ಯ ಭಾಗ ಹೀಗಿದೆ:

"ಸೆಮಿಫೈನಲ್ ಪಂದ್ಯದ ಎರಡನೇ ಅರ್ಧ, ಬೆಳಿಗ್ಗೆ 11.20ರ ಸುಮಾರು. ನಮ್ಮ ಆಟಗಾರ ರೈಡ್ ಹೋಗಿ ಬೋನಸ್ ಗೆರೆ ಮುಟ್ಟಿ ಮರಳುವಾಗ ಎದುರಾಳಿಯ ಎಡಮೂಲೆಯವನು ಕಣಕಾಲು ಹಿಡಿದ. ಮಧ್ಯದ ಗೆರೆ ಮುಟ್ಟಲು ಮುಂದಕ್ಕೆ ಜಿಗಿದಾಗ ಚಾಚಿದ ಬಲಗೈ ಮೇಲೆ ಬಿದ್ದ, ಅವನ ಮೇಲೆ ಇನ್ನೊಬ್ಬ ಬಿದ್ದ. ಹಿಡಿತ ನಿಯಮದೊಳಗೇ ಇತ್ತು. ತಲೆಗೆ ಪೆಟ್ಟಿಲ್ಲ, ಎಚ್ಚರ ತಪ್ಪಿಲ್ಲ, ವಾಂತಿಯಿಲ್ಲ. ಮುಂಗೈ ನಡುವೆ ಬಾಗಿತ್ತು, ಚರ್ಮ ಹರಿದಿಲ್ಲ. ಬೆರಳು ಆಡಿಸಿದ. 11.30ಕ್ಕೆ ರಟ್ಟು ಇಟ್ಟು ಕಟ್ಟಿದೆ. ಬೆಳಿಗ್ಗೆ 8ಕ್ಕೆ ಉಪ್ಪಿಟ್ಟು ತಿಂದಿದ್ದಾನೆ, 11ಕ್ಕೆ ಗ್ಲೂಕೋಸ್ ನೀರು ಕುಡಿದಿದ್ದಾನೆ, ಆಮೇಲೆ ಏನೂ ಕೊಟ್ಟಿಲ್ಲ."

ಕೆಳಗೆ ರೆಫರಿಯ ಸಹಿ, ನೋಡಿದ ಇನ್ನೊಬ್ಬ ಶಿಕ್ಷಕರ ಸಹಿ.

ಇದರಲ್ಲಿ ಒಂದು ಸಾಲೂ ವ್ಯರ್ಥವಿಲ್ಲ. ಚಾಚಿದ ಕೈ ಮೇಲೆ ಮೈಭಾರ ಬಿದ್ದಿದೆ ಎಂದು ತಿಳಿದ ಕೂಡಲೇ ವೈದ್ಯರು ಮುರಿದ ಜಾಗದ ಎಕ್ಸ್‌ರೇ ಒಂದನ್ನೇ ತೆಗೆಸಲಿಲ್ಲ, ಮಣಿಕಟ್ಟು ಮತ್ತು ಮೊಣಕೈ ಎರಡೂ ಕಾಣುವ ಹಾಗೆ ತೆಗೆಸಿದರು. ಮುಂಗೈ ಎಲುಬು ಮುರಿದಾಗ ಮೇಲಿನ ಅಥವಾ ಕೆಳಗಿನ ಕೀಲು ಜಾರಿರುವುದುಂಟು, ನೋಡದೆ ಬಿಟ್ಟರೆ ಅದು ಮುಂದೆ ಮತ್ತೊಂದು ಆಪರೇಷನ್ನಿನ ಖರ್ಚು. ಊಟದ ಹೊತ್ತು ಬರೆದದ್ದು ಅರಿವಳಿಕೆಯವರಿಗೆ ಬೇಕು. ಊಟವಾಗಿ ಆರು ತಾಸಾದರೂ ಕಳೆಯದೆ ಅವರು ಸಾಮಾನ್ಯವಾಗಿ ಅರಿವಳಿಕೆ ಕೊಡುವುದಿಲ್ಲ. ಬಯಲಿನಲ್ಲಿ ಯಾರೋ ಅಕ್ಕರೆಯಿಂದ ಚಹಾ, ಬಿಸ್ಕೀಟು ಕೊಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ತಲೆಗೆ ಪೆಟ್ಟಿಲ್ಲ ಎಂಬ ಸಾಲೂ ಹಾಗೆಯೇ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಏಟು ತಿಂದ ಮೈಸೂರಿನ ಯುವಕ ತೀರಿಕೊಂಡಾಗ, ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಹೆತ್ತವರು ಪೊಲೀಸರಿಗೆ ದೂರು ಕೊಟ್ಟಿದ್ದರು. ಬಯಲಿನಲ್ಲಿ ವೈದ್ಯರಿಲ್ಲದಾಗ, ಬಿದ್ದ ಗಳಿಗೆಯಲ್ಲಿ ಹುಡುಗ ಹೇಗಿದ್ದ ಎಂಬುದನ್ನು ಹತ್ತಿರ ನಿಂತು ನೋಡಿದವರೇ ಬರೆದಿಡಬೇಕು.

ಇನ್ನು ಪ್ರಥಮ ಚಿಕಿತ್ಸೆ. ಶಿಕ್ಷಕರು ಬಿಸ್ಕೀಟು ಪೆಟ್ಟಿಗೆಯ ರಟ್ಟು ಹರಿದು, ಮೊಣಕೈ ಮೇಲಿನಿಂದ ಅಂಗೈವರೆಗೆ ಬರುವ ಹಾಗೆ ಮಡಚಿ, ಒಳಗೆ ಟವೆಲ್ ಹಾಸಿ ಕಟ್ಟಿದ್ದರು. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಬಾರದು, ಅದೇ ಕಟ್ಟುವುದರ ಗುಟ್ಟು. ಬಾಗಿದ ಕೈಯನ್ನು ಎಳೆದು ನೇರ ಮಾಡಲು ಹೋಗಲಿಲ್ಲ. ಬೆರಳ ತುದಿಗಳನ್ನು ಹೊರಗೆ ಬಿಟ್ಟಿದ್ದರು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ ಎಂದು ದಾರಿಯುದ್ದಕ್ಕೂ ನೋಡುತ್ತಿದ್ದರು. ಕೈಗೆ ಕಟ್ಟಿದ್ದ ದಾರವನ್ನು ಬಾವು ಏರುವ ಮೊದಲೇ ಕತ್ತರಿಸಿದ್ದರು.

ಅಷ್ಟರಲ್ಲಿ ಹಿರಿಯರೊಬ್ಬರು, "ದವಾಖಾನಿಗೆ ಯಾಕ ಒಯ್ತೀರಿ ಮಾಸ್ತರ? ಎಲುಬು ಕಟ್ಟೋರ ಕಡೆ ಒಯ್ರಿ, ಐದನೂರಕ್ಕ ಮುಗೀತೈತಿ" ಅಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಐದುನೂರು ಅಂದರೆ ಅಗ್ಗವೂ ಹೌದು. ಆದರೆ ಬಾಗಿದ ಮುಂಗೈಯನ್ನು ಎಳೆದು, ಎಣ್ಣೆ ಹಚ್ಚಿ ತಿಕ್ಕಿ, ಬಿದಿರುಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದರೆ ಒಳಗೆ ಬಾವು ಏರಿ, ಮಾಂಸಖಂಡಕ್ಕೆ ರಕ್ತ ಹೋಗುವುದು ನಿಲ್ಲಬಹುದು. ಕಟ್ಟಿದ ಮೇಲೂ ನೋವು ಏರುತ್ತಲೇ ಹೋದರೆ, ಬೆರಳನ್ನು ಯಾರಾದರೂ ಮೆಲ್ಲಗೆ ಹಿಂದಕ್ಕೆ ಚಾಚಿದರೂ ಹುಡುಗ ಚೀರಿದರೆ ಅದೇ ಗುರುತು. ಕೂಡಲೇ ಕಟ್ಟು ಬಿಚ್ಚಿ ಆಸ್ಪತ್ರೆಗೆ ಓಡಬೇಕು. ಆರು ತಾಸಿನ ಆಸುಪಾಸು ಹಾಗೇ ಬಿಟ್ಟರೆ ಸ್ನಾಯು ಸತ್ತು, ಬೆರಳು ಜೀವಮಾನವಿಡೀ ಮಡಚಿಕೊಂಡೇ ಉಳಿಯುತ್ತವೆ. ದುಡಿಯುವ ಬಲಗೈ ಹೋದರೆ ಆ ನಷ್ಟಕ್ಕೆ ಯಾವ ಪಾಲಿಸಿಯೂ ಸಾಲದು.

ಶಿಕ್ಷಕರು 108 ಕರೆಸಿ ಯಲಬುರ್ಗಾದ ತಾಲೂಕು ಆಸ್ಪತ್ರೆಗೇ ಒಯ್ದರು. ನಾನು ತಲುಪುವಷ್ಟರಲ್ಲಿ ಸ್ಲ್ಯಾಬ್ ಹಾಕಿಯಾಗಿತ್ತು. ಆಪರೇಷನ್ ಬೇಕು, ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದು ವೈದ್ಯರು ರೆಫರಲ್ ಬರೆಯುತ್ತಿದ್ದರು. ತಂಗಿ ಅಳುತ್ತಾ, "ಅಣ್ಣಾ, ಕೊಪ್ಪಳ ಬ್ಯಾಡ, ಸೀದಾ ಹುಬ್ಬಳ್ಳಿಗೆ ದೊಡ್ಡ ಖಾಸಗಿ ದವಾಖಾನಿಗೆ ಹೋಗೂಣು. ಬಂಗಾರ ಅಡಾ ಇಟ್ರಾತು" ಅಂದಳು. ಫೋನ್ ಮಾಡಿ ವಿಚಾರಿಸಿದ ಒಂದು ಕಡೆ ಎಪ್ಪತ್ತು ಸಾವಿರ ಅಂದಿದ್ದರು.

ಶಿಕ್ಷಕರ ವರದಿ, ರೇಷನ್ ಕಾರ್ಡು ಆದ ಮೇಲೆ ಮೂರನೆಯ ಚೀಟಿ ಈ ರೆಫರಲ್, ಅದು ಕೆಲಸ ಮಾಡುವುದು ಇಲ್ಲಿಯೇ. ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಆದರೆ ಯೋಜನೆಯ ದಾರಿ ಸರ್ಕಾರಿ ಆಸ್ಪತ್ರೆಯಿಂದಲೇ ಶುರುವಾಗುತ್ತದೆ. ಬೇಕಾದ ಚಿಕಿತ್ಸೆ ಅಲ್ಲಿ ಆಗದಿದ್ದರೆ ಅವರು ಕಾರಣ ಬರೆದು ಶಿಫಾರಸು ಮಾಡುತ್ತಾರೆ. ಆ ಪತ್ರ ಹಿಡಿದು, ಯೋಜನೆಗೆ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋದರೆ ಅಲ್ಲಿಯೂ ಬಿಪಿಎಲ್ ಕುಟುಂಬ ಹಣ ಕಟ್ಟಬೇಕಿಲ್ಲ. ಜೀವಕ್ಕೆ ಅಪಾಯವಿರುವ, ತುರ್ತು ಎಂದು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ಶಿಫಾರಸು ಬೇಡ. ಚರ್ಮ ಹರಿಯದ, ರಕ್ತ ಓಡಾಡುತ್ತಿರುವ ಮುಂಗೈ ಮುರಿತವನ್ನು ಆ ಪಟ್ಟಿಯ ಲೆಕ್ಕಕ್ಕೆ ಹಿಡಿಯಬೇಡಿ. ಇನ್ನೊಂದು ಮಾತು: ಮೊದಲು ರೊಕ್ಕ ಕಟ್ಟಿ ಆಮೇಲೆ ಬಿಲ್ ತೋರಿಸಿ ವಾಪಸ್ ಪಡೆಯುವ ಯೋಜನೆ ಇದಲ್ಲ. ಸೀದಾ ಖಾಸಗಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ನಾಲ್ಕು ದಿನ ಬಿಟ್ಟು ರೆಫರಲ್ ಕೇಳಲು ಬಂದವರನ್ನು ನಾನು ಕಂಡಿದ್ದೇನೆ. ಹೊತ್ತು ಮೀರಿರುತ್ತದೆ.

ಹಾಗಾಗಿ ಕೊಪ್ಪಳಕ್ಕೇ ಹೋದೆವು. ಅಲ್ಲಿ ಕಾರ್ಡಿನ ಕೌಂಟರಿನಲ್ಲಿ ಒಂದು ತೊಡಕು ಬಂತು. ರೇಷನ್ ಕಾರ್ಡಿನಲ್ಲಿ ಹುಡುಗನ ಹೆಸರು ಮನೆಯಲ್ಲಿ ಕರೆಯುವ ಹೆಸರು, ಆಧಾರಿನಲ್ಲಿ ಶಾಲೆಯ ಹೆಸರು. ಶಾಲೆಯ ಗುರುತಿನ ಚೀಟಿ, ಶಿಕ್ಷಕರ ವರದಿ, ತಾಯಿಯ ಆಧಾರ್ ಎಲ್ಲ ಇಟ್ಟು ತೋರಿಸಿದ ಮೇಲೆ ದಾರಿ ಸಿಕ್ಕಿತು. ಬಲಗೈ ಕಟ್ಟಿನಲ್ಲಿತ್ತು, ಬೆರಳಚ್ಚನ್ನು ಎಡಗೈಯದೇ ತೆಗೆದುಕೊಂಡರು. ಕ್ರೀಡಾಕೂಟಕ್ಕೆ ಮಗುವನ್ನು ಕಳಿಸುವ ಮುಂಚೆ ಈ ಎರಡು ಹೆಸರು ಒಂದೇ ಇವೆಯೇ ಎಂದು ನೋಡಿ, ಬೇರೆ ಇದ್ದರೆ ಈಗಲೇ ತಿದ್ದಿಸಿ. ಮರುದಿನ ಆಪರೇಷನ್ ಆಯಿತು, ಎರಡೂ ಎಲುಬಿನೊಳಗೆ ತೆಳು ರಾಡು ಹಾಕಿದರು. ರಾಡಿನ ಬೆಲೆ ಪ್ಯಾಕೇಜಿನೊಳಗೇ ಬಂತು. ನಮ್ಮ ಕೈಯಿಂದ ಹೋದದ್ದು ಓಡಾಟ, ಊಟ, ಮತ್ತು ತಂಗಿಯ ಗಂಡ ಹೊಲ ಬಿಟ್ಟು ಬಂದದ್ದಕ್ಕೆ ಹೆಸರು ಬಿಡಿಸಲು ಹಚ್ಚಿದ ಆಳಿನ ಕೂಲಿ. ಈ ಮೂರನ್ನು ಯಾವ ಯೋಜನೆಯೂ ತುಂಬುವುದಿಲ್ಲ. ಅದಕ್ಕೆಂದೇ ನಾಲ್ಕೈದು ಸಾವಿರ ಬೇರೆ ಇಟ್ಟಿರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ವಿಮೆ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರೂ ಷರತ್ತು ಓದಿಕೊಳ್ಳಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹೋಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ 18 ತುಂಬಿದವರಿಗೆ ಮಾತ್ರ. ಅದೂ ಅಪಘಾತದ ಸಾವು, ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆಯ ಬಿಲ್ಲಿಗಲ್ಲ. ಮನೆಮಂದಿಗೆಲ್ಲ ಮಾಡಿಸಿದ ಆರೋಗ್ಯ ವಿಮೆಯ ಮೊದಲ 30 ದಿನದ ಕಾಯುವಿಕೆ ಅಪಘಾತದ ಪೆಟ್ಟಿಗೆ ಅನ್ವಯಿಸುವುದಿಲ್ಲ, ಇದು ಒಳ್ಳೆಯದೇ. ಆದರೆ ದಾಖಲಾಗದೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದರೆ ಬಹಳಷ್ಟು ಪಾಲಿಸಿಗಳು ಕೊಡುವುದಿಲ್ಲ.

ಕೆಲವು ಖಾಸಗಿ ಶಾಲೆಗಳು ಫೀ ಜೊತೆಗೇ ಅಪಘಾತ ವಿಮೆಯ ಹಣ ಪಡೆಯುತ್ತವೆ. ಪಾಲಿಸಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಸಂಬಂಧಿಕರ ಮನೆಯ ಹುಡುಗಿಗೆ ಅಂಥ ವಿಮೆ ಇತ್ತು. ಖೋ ಖೋ ಆಡುವಾಗ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು. ಪೊಲೀಸ್ ಕೇಸು ಆದೀತೆಂದು ಅಂಜಿ ಅಜ್ಜ ಆಸ್ಪತ್ರೆಯಲ್ಲಿ "ಮನ್ಯಾಗ ಜಾರಿ ಬಿದ್ಲು" ಅಂದುಬಿಟ್ಟರು, ಕೇಸ್ ಶೀಟಿನಲ್ಲಿ ಹಾಗೇ ಬರೆಯಲಾಯಿತು. ಶಾಲೆ ಕೊಟ್ಟ ಪತ್ರದಲ್ಲಿ "ಆಟದಲ್ಲಿ ಪೆಟ್ಟಾಗಿದೆ" ಎಂಬ ಒಂದೇ ಸಾಲು, ಹೊತ್ತಿಲ್ಲ, ಸಾಕ್ಷಿಯಿಲ್ಲ. ಪಾಲಿಸಿ ಇದ್ದದ್ದು ಶಾಲೆಯ ಚಟುವಟಿಕೆಯಲ್ಲಿ ಆದ ಅಪಘಾತಕ್ಕೆ ಮಾತ್ರ. ಎರಡು ಕಾಗದ ಎರಡು ಕತೆ ಹೇಳಿದ್ದರಿಂದ ಕಂಪನಿ ಕ್ಲೇಮ್ ನಿಲ್ಲಿಸಿತು. ನಿಯಮದೊಳಗೆ ಆಡುವಾಗ ಬಿದ್ದು ಪೆಟ್ಟಾದರೆ ಮುಚ್ಚಿಡುವಂಥದ್ದು ಏನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ, ವೈದ್ಯರು ಬರೆದದ್ದನ್ನು ಅಲ್ಲೇ ಓದಿಸಿ ಕೇಳಿ.

ತಂಗಿಯ ಮಗನ ಲೆಕ್ಕ ಇನ್ನೂ ಮುಗಿದಿಲ್ಲ. ಎಲುಬು ಪೂರ್ತಿ ಕೂಡಿದ ಮೇಲೆ ರಾಡು ತೆಗೆಸಬೇಕು, ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ. ಅದು ಬೇರೆಯೇ ದಾಖಲಾತಿ. ಡಿಸ್ಚಾರ್ಜ್ ಸಮರಿ ಇಲ್ಲದಿದ್ದರೆ ಯಾವ ರಾಡು, ಎಲ್ಲಿಂದ ಹಾಕಿದ್ದು ಎಂದು ಮತ್ತೆ ಹುಡುಕಬೇಕಾಗುತ್ತದೆ. ಶಿಕ್ಷಕರ ವರದಿ, ರೆಫರಲ್ ಚೀಟಿ, ಎಕ್ಸ್‌ರೇ, ಡಿಸ್ಚಾರ್ಜ್ ಸಮರಿ ಎಲ್ಲವನ್ನೂ ತಂಗಿ ರೇಷನ್ ಕಾರ್ಡಿನ ಜೊತೆ ಒಂದೇ ಚೀಲದಲ್ಲಿ ಇಟ್ಟಿದ್ದಾಳೆ, ಬೇಸಿಗೆ ರಜೆಯಲ್ಲಿ ಕೊಪ್ಪಳಕ್ಕೆ ಹೋಗುವುದೆಂದು ಗೊತ್ತುಮಾಡಿದ್ದಾಳೆ.