ಆಲ್ಟ್‌ಕಾಯಿನ್ ಸೀಸನ್ ಬಂತೆಂದು ಜಿಗಿಯುವ ಮುನ್ನ

ಆಲ್ಟ್‌ಕಾಯಿನ್ ಸೀಸನ್ ಸೂಚ್ಯಂಕ 75 ದಾಟಿತೆಂದು ಯಾರಾದರೂ ಹೇಳಿದರೆ, ಅದು ಏನನ್ನು ಅಳೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಹೆಚ್ಚು ಬಳಕೆಯಲ್ಲಿರುವ ಲೆಕ್ಕದಂತೆ, ಮೊದಲ 50 ಕಾಯಿನ್‌ಗಳಲ್ಲಿ ಶೇ. 75ರಷ್ಟು ಕಳೆದ 90 ದಿನಗಳಲ್ಲಿ ಬಿಟ್‌ಕಾಯಿನ್‌ಗಿಂತ ಮುಂದಿದ್ದರೆ ಅದು ಸೀಸನ್. ಅಂದರೆ ಅದು ಹೇಳುವುದು ಆಗಿಹೋದ ಕಥೆ. ಬಿಟ್‌ಕಾಯಿನ್ ಶೇ. 30 ಕುಸಿದು ನಿಮ್ಮ ಕಾಯಿನ್ ಶೇ. 20 ಮಾತ್ರ ಕುಸಿದರೂ ಲೆಕ್ಕದಲ್ಲಿ ನಿಮ್ಮದೇ ಗೆಲುವು, ಜೇಬಿಗೆ ಮಾತ್ರ ನಷ್ಟ.

ಸೀಸನ್ ಬಂದರೂ ಹಣ ಕಾಯಿನ್‌ಗಳ ಎಲ್ಲ ಗುಂಪುಗಳಿಗೂ ಒಟ್ಟಿಗೆ ಹರಿಯುವುದಿಲ್ಲ. 2020ರ ಜೂನ್‌ನಲ್ಲಿ ಕಾಂಪೌಂಡ್ ತನ್ನ ಟೋಕನ್ ಹಂಚತೊಡಗಿದಾಗ ಸಾಲ ಕೊಡುವ ಯೋಜನೆಗಳ ಸರದಿ. 2021ರ ಆಗಸ್ಟ್ ಹೊತ್ತಿಗೆ ಸೊಲಾನಾ, ಅವಲಾಂಚ್‌ನಂಥ ಮೂಲ ಜಾಲಗಳದು. ಅಕ್ಟೋಬರ್ ಕೊನೆಗೆ ಫೇಸ್‌ಬುಕ್ ಕಂಪನಿ ಮೆಟಾ ಎಂದು ಹೆಸರು ಬದಲಿಸಿದ ಮೇಲೆ ಸ್ಯಾಂಡ್‌ಬಾಕ್ಸ್‌ನಂಥ ಆಟದ ಟೋಕನ್‌ಗಳು ನೆಗೆದವು. ಅದೇ ವರ್ಷದ ನವೆಂಬರ್‌ನಲ್ಲಿ ಬಿಟ್‌ಕಾಯಿನ್ ತನ್ನ ಅಂದಿನ ಶಿಖರ ಮುಟ್ಟಿ ಇಳಿಯತೊಡಗಿತು. ಕೊನೆಯ ಬಂಡಿ ಹತ್ತಿದವರಿಗೆ ಇಳಿಯಲು ಸಮಯ ಸಿಗಲಿಲ್ಲ. ಆದ್ದರಿಂದ ಗುಂಪಿನ ಬೆಲೆಯನ್ನು ಡಾಲರ್‌ನಲ್ಲಷ್ಟೇ ಅಲ್ಲ, ಬಿಟ್‌ಕಾಯಿನ್ ಲೆಕ್ಕದಲ್ಲೂ ನೋಡಿ. ಅಲ್ಲಿ ಏರಿಕೆ ನಿಂತಿದ್ದರೆ ಸರದಿ ಮುಗಿಯುತ್ತಿರಬಹುದು.

ಗುಂಪಿನಿಂದ ಗುಂಪಿಗೆ ಹಾರುವ ಮುನ್ನ ತೆರಿಗೆಯನ್ನೂ ನೆನೆಯಿರಿ. ಭಾರತದಲ್ಲಿ ಕಾಯಿನ್ ಕೊಟ್ಟು ಕಾಯಿನ್ ಪಡೆದರೂ ಅದು ಮಾರಾಟವೇ. ಒಂದರಲ್ಲಿ ಲಕ್ಷ ರೂಪಾಯಿ ಗಳಿಸಿ ಇನ್ನೊಂದರಲ್ಲಿ ಲಕ್ಷ ಕಳೆದರೆ ಕೈಗೆ ಬಂದದ್ದು ಸೊನ್ನೆ. ಆದರೆ ನಷ್ಟವನ್ನು ಲಾಭದಿಂದ ಕಳೆಯುವಂತಿಲ್ಲ. ಶೇ. 30ರಂತೆ 30,000 ರೂಪಾಯಿ ತೆರಿಗೆ, ಅದರ ಮೇಲೆ ಸೆಸ್ ಕಟ್ಟಲೇಬೇಕು.